ದಿನಕ್ಕೊಂದು ಒತ್ತು, ತಿಂಗಳಿಗೊಂದು ಲೆಕ್ಕ

ಅಮೆರಿಕದ ಆಸ್ಪತ್ರೆಗಳಿಗೆ ಜುಲೈ ಎಂದರೆ ಹೊಸ ಮುಖಗಳ ತಿಂಗಳು. ವೈದ್ಯಕೀಯ ಪದವಿ ಮುಗಿಸಿದ ಸಾವಿರಾರು ಯುವಕ ಯುವತಿಯರು ಆಗ ಇಂಟರ್ನ್‌ಗಳಾಗಿ ವಾರ್ಡಿಗೆ ಕಾಲಿಡುತ್ತಾರೆ. ಅಲ್ಲಿಂದ ಒಂದು ವರ್ಷ ಹಗಲು ರಾತ್ರಿಗಳ ಲೆಕ್ಕ ತಪ್ಪುತ್ತದೆ. ಹೀಗೆ ಸೇರುವವರಲ್ಲಿ ಹಲವರ ಫೋನಿಗೆ ಪ್ರತಿ ಸಂಜೆ ಒಂದೇ ಒಂದು ಪ್ರಶ್ನೆ ಬರುತ್ತದೆ: ಇವತ್ತು ಒಟ್ಟಾರೆ ನಿಮ್ಮ ಮನಸ್ಸು ಹೇಗಿತ್ತು? 1ರಿಂದ 10ರ ನಡುವೆ ಒಂದು ಅಂಕಿ ಒತ್ತಿದರೆ ಕೆಲಸ ಮುಗಿಯಿತು. ನಿದ್ದೆ ಎಷ್ಟಾಯಿತು, ಎಷ್ಟು ಹೆಜ್ಜೆ ನಡೆದರು ಎಂಬುದನ್ನು ಮಣಿಕಟ್ಟಿನಲ್ಲಿರುವ ಫಿಟ್‌ಬಿಟ್ ತಾನೇ ಬರೆದುಕೊಳ್ಳುತ್ತದೆ.

ಇದು ಮಿಷಿಗನ್ ವಿಶ್ವವಿದ್ಯಾಲಯದ ಮನೋವೈದ್ಯ ಸೃಜನ್ ಸೇನ್ ಅವರ ನೇತೃತ್ವದಲ್ಲಿ 2007ರಿಂದ ನಡೆದು ಬಂದಿರುವ 'ಇಂಟರ್ನ್ ಹೆಲ್ತ್ ಸ್ಟಡಿ'. ನಿದ್ದೆ, ಕೆಲಸ, ದೇಹಶ್ರಮ ಈ ಮೂರೂ ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂದು ನೋಡಲು ಇಂಟರ್ನ್‌ಗಳಷ್ಟು ತಕ್ಕ ಜನ ಸಿಗುವುದು ಕಷ್ಟ. ಕೆಲಸದ ಒತ್ತಡ ಯಾವ ದಿನ ಶುರುವಾಗುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ, ಅದಕ್ಕೆ ಎರಡು ತಿಂಗಳ ಮುಂಚೆಯೇ ಅಂಕಿ ಬರೆದುಕೊಳ್ಳಲು ಆರಂಭಿಸಬಹುದು. ಹಾಗೆ ಮಾಡಿದ ಒಂದು ಸಣ್ಣ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 33 ಇಂಟರ್ನ್‌ಗಳು. ಕೆಲಸ ಶುರುವಾದ ಮೇಲೆ ಅವರ ನಿದ್ದೆ ವಾರಕ್ಕೆ ಸರಾಸರಿ 2 ಗಂಟೆ 48 ನಿಮಿಷ ಕಡಿಮೆಯಾಗಿತ್ತು. ದೇಹದ ಚಟುವಟಿಕೆ ಶೇಕಡಾ 11.5ರಷ್ಟು ಕುಗ್ಗಿತ್ತು, ಸಂಜೆಯ ಅಂಕಿ ಶೇಕಡಾ 7.5ರಷ್ಟು ಇಳಿದಿತ್ತು.

ಇಷ್ಟನ್ನು ಯಾರಾದರೂ ಊಹಿಸಬಹುದಿತ್ತು. ಅದರ ಜೊತೆಗೆ ಕಂಡ ಇನ್ನೊಂದು ಸಂಗತಿ ಹೆಚ್ಚು ಮುಖ್ಯ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಬಂದರೆ ಮರುದಿನದ ಅಂಕಿ ಏರುತ್ತಿತ್ತು. ಅಂಕಿ ಚೆನ್ನಾಗಿದ್ದ ದಿನದ ರಾತ್ರಿ ನಿದ್ದೆಯೂ ಹೆಚ್ಚು ಬರುತ್ತಿತ್ತು. ಸಂಬಂಧ ಎರಡೂ ಕಡೆಯಿಂದ ಇತ್ತು. ಯಾವುದು ಮೊದಲು ಬಂತು, ಯಾವುದು ಅದರ ಹಿಂದೆ ಬಂತು ಎಂಬುದನ್ನು ಬಿಡಿಸಿ ನೋಡಲು ಸಾಧ್ಯವಾದದ್ದು ದಿನದಿನದ ಅಂಕಿ ಇದ್ದುದರಿಂದ. ತಿಂಗಳ ಕೊನೆಗೊಮ್ಮೆ ಕೂತು 'ಈ ತಿಂಗಳು ಹೇಗಿತ್ತು' ಎಂದು ಕೇಳಿದ್ದರೆ ಆ ಎಳೆ ಸಿಗುತ್ತಿರಲಿಲ್ಲ.

ಇದೇ ವಿಧಾನ ಈಗ ಎಲ್ಲರ ಜೇಬಿನಲ್ಲೂ ಇದೆ. 'ಡೇಲಿಯೊ' ಎಂಬ ಆ್ಯಪ್ ತೆರೆದರೆ ನಗುವಿನಿಂದ ಅಳುವಿನವರೆಗೆ ಐದು ಮುಖಗಳು ಕಾಣುತ್ತವೆ. ಒಂದನ್ನು ಒತ್ತಿ, ಕೆಳಗಿನ ಚಿಕ್ಕ ಚಿತ್ರಗಳಲ್ಲಿ ಆ ದಿನ ಮಾಡಿದ್ದನ್ನು ಗುರುತು ಹಾಕಿದರೆ ಆಯಿತು. ಆ್ಯಪಲ್ ಕಂಪನಿ 2023ರಲ್ಲಿ ಐಫೋನ್‌ನ ಹೆಲ್ತ್ ಆ್ಯಪಿಗೆ ಮನಸ್ಥಿತಿಯ ದಾಖಲೆಯನ್ನು ಸೇರಿಸಿತು. ಅಲ್ಲಿ ಅದನ್ನು ನಿದ್ದೆ, ವ್ಯಾಯಾಮಗಳ ನಕ್ಷೆಯ ಪಕ್ಕದಲ್ಲೇ ಇಟ್ಟು ನೋಡಬಹುದು. ತಿಂಗಳು ಮುಗಿದಾಗ ಇಂಥ ಆ್ಯಪ್‌ಗಳು ಒಂದು ಸಾರಾಂಶ ಕೊಡುತ್ತವೆ: ನಿದ್ದೆ ಚೆನ್ನಾಗಿ ಆದ ದಿನಗಳಲ್ಲಿ ನಿಮ್ಮ ಸರಾಸರಿ ಇಷ್ಟು, ವಾಕಿಂಗ್ ಹೋದ ದಿನಗಳಲ್ಲಿ ಇಷ್ಟು. ನೋಡಲು ಸ್ಪಷ್ಟ, ನಂಬಲು ಸುಲಭ. ಆದರೆ ಸಾವಿರಾರು ಇಂಟರ್ನ್‌ಗಳ ಅಂಕಿಗಳನ್ನು ಸಂಶೋಧಕರು ಓದುವ ಬಗೆಗೂ ಒಬ್ಬರ ಮೂವತ್ತು ದಿನಗಳನ್ನು ಆ್ಯಪ್ ಓದುವ ಬಗೆಗೂ ಬಹಳ ಅಂತರವಿದೆ. ಆ ಅಂತರ ಗೊತ್ತಿದ್ದರೆ ತಿಂಗಳ ಸಾರಾಂಶದಿಂದ ನಿಜಕ್ಕೂ ಉಪಯೋಗವಿದೆ. ಗೊತ್ತಿಲ್ಲದಿದ್ದರೆ ಅದು ತಪ್ಪು ವಸ್ತುವಿನತ್ತ ಬೆರಳು ತೋರಿಸುತ್ತದೆ.

ಮೊದಲು ಆ ಒಂದು ಒತ್ತಿನ ವಿಷಯ. ಒಂದೇ ಪ್ರಶ್ನೆ ಏಕೆ, ಇಪ್ಪತ್ತು ಏಕಲ್ಲ? ಕಾರಣ ಸರಳ. ದಣಿದು ಬಂದ ಮನುಷ್ಯ ಇಪ್ಪತ್ತು ಪ್ರಶ್ನೆಗಳಿಗೆ ಎರಡು ಮೂರು ದಿನ ಉತ್ತರಿಸಿ ಆಮೇಲೆ ಬಿಡುತ್ತಾನೆ. ಬಿಡುವುದು ಬೇಕಾಬಿಟ್ಟಿಯಾಗಿ ನಡೆದರೆ ಅಷ್ಟು ತೊಂದರೆಯಿಲ್ಲ, ಆದರೆ ಅದು ಹಾಗೆ ನಡೆಯುವುದಿಲ್ಲ. ತೀರಾ ಕೆಟ್ಟ ದಿನಗಳಲ್ಲೇ ಫೋನ್ ಕೈಗೆತ್ತಿಕೊಳ್ಳಲು ಮನಸ್ಸಾಗುವುದಿಲ್ಲ. ಹಬ್ಬದ ಸಂಭ್ರಮದಲ್ಲಿ ನೆನಪೇ ಆಗುವುದಿಲ್ಲ. ಹೀಗೆ ಎರಡು ತುದಿಯ ದಿನಗಳು ಲೆಕ್ಕದಿಂದ ಜಾರಿ, ಉಳಿದ ಸಪ್ಪೆ ದಿನಗಳಷ್ಟೇ ಸಾರಾಂಶಕ್ಕೆ ಸೇರುತ್ತವೆ. ಆದ್ದರಿಂದ ತಿಂಗಳ ಪುಟ ತೆರೆದಾಗ ಸರಾಸರಿಗಿಂತ ಮೊದಲು ನೋಡಬೇಕಾದದ್ದು ಖಾಲಿ ಬಿಟ್ಟ ದಿನಗಳನ್ನು. ಅವು ಎಲ್ಲಿ ಗುಂಪಾಗಿವೆ? ಆ ದಿನಗಳಲ್ಲಿ ಏನು ನಡೆದಿತ್ತು? ಮೂವತ್ತರಲ್ಲಿ ಆರೇಳು ದಿನ ಖಾಲಿಯಿದ್ದು, ಅವೆಲ್ಲ ಒಂದೇ ವಾರಕ್ಕೆ ಸೇರಿದ್ದರೆ, ಆ ತಿಂಗಳ ಸರಾಸರಿಯನ್ನು ನಂಬದಿರುವುದೇ ಲೇಸು.

ಸಂಜೆಯ ಅಂಕಿಗೆ ತನ್ನದೇ ಒಂದು ಓರೆಯೂ ಇದೆ. ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಭಾಗವಹಿಸಿದವರು ಒಮ್ಮೆ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡು ಮುಗಿದ ಮೇಲೂ ಕೈ ತೆಗೆಯದೆ ಮತ್ತೆ 30 ಸೆಕೆಂಡು ಇಟ್ಟರು. ಆ ಹೊತ್ತಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಲಾಯಿತು. ಮೂರನೆಯ ಸಲ ಯಾವುದು ಬೇಕು ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು. ಒಟ್ಟು ನೋವು ಅದರಲ್ಲೇ ಜಾಸ್ತಿಯಿದ್ದರೂ ಕೊನೆ ಸ್ವಲ್ಪ ಹಿತವಾಗಿತ್ತು. ದಿನದ ನೆನಪೂ ಹೀಗೆಯೇ. ಹಗಲೆಲ್ಲ ಸರಿಯಾಗಿದ್ದು, ಮನೆಗೆ ಬರುವಾಗ ಒಂದು ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ಬಾಗಿಲ ಬಳಿ ನಿಂತೇ ಅಂಕಿ ಒತ್ತಿದರೆ, ದಾಖಲಾಗುವುದು ಆ ಒಂದು ಗಂಟೆ.

ಇದಕ್ಕೆ ಪೂರ್ತಿ ಪರಿಹಾರವಿಲ್ಲ, ಆದರೆ ಓರೆಯನ್ನು ಒಂದೇ ಸಮನಾಗಿ ಇಡಬಹುದು. ದಿನವೂ ಒಂದೇ ಹೊತ್ತಿನಲ್ಲಿ, ಊಟವಾದ ಮೇಲೆ ಎಂದುಕೊಂಡರೆ ದಿನವೂ ಊಟವಾದ ಮೇಲೆಯೇ ಒತ್ತಬೇಕು. ಒಂದೊಂದು ಅಂಕಿ ತನಗೆ ಏನೆಂಬುದನ್ನು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. 2 ಎಂದರೆ ಯಾರೊಂದಿಗೂ ಮಾತು ಬೇಡವೆನಿಸಿದ ದಿನ, 4 ಎಂದರೆ ಕೆಲಸ ಮುಗಿದ ಮೇಲೂ ಏನಾದರೂ ಮಾಡೋಣ ಎನಿಸಿದ ದಿನ, ಹೀಗೆ. ಇಲ್ಲದಿದ್ದರೆ ಮೊದಲ ವಾರದ 3 ಬೇರೆ, ನಾಲ್ಕನೇ ವಾರದ 3 ಬೇರೆ ಆಗುತ್ತದೆ. ಚೀಟಿಯಿಲ್ಲದೆ ಒತ್ತುವವರಲ್ಲಿ ಇನ್ನೊಂದು ಅಭ್ಯಾಸವೂ ಬೆಳೆಯುತ್ತದೆ. ಯೋಚಿಸದೆ ನಡುವಿನ ಮುಖವನ್ನೇ ಒತ್ತುತ್ತಾ ಹೋಗುತ್ತಾರೆ. ಮೂವತ್ತರಲ್ಲಿ ಇಪ್ಪತ್ತೈದು ದಿನ 3 ಇದ್ದರೆ ಅದರಿಂದ ಯಾವ ಸಾರಾಂಶವೂ ಹುಟ್ಟುವುದಿಲ್ಲ.

ಈಗ ಒಂದು ತಿಂಗಳನ್ನು ಕೈಗೆತ್ತಿಕೊಂಡು ನೋಡಬಹುದು. ಲೆಕ್ಕ ತಿಳಿಯಲೆಂದು ಕಟ್ಟಿದ ಉದಾಹರಣೆ ಇದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ ಎಂದುಕೊಳ್ಳಿ. ಸೋಮವಾರ ಶುರುವಾಗುವ 30 ದಿನಗಳ ತಿಂಗಳು, 22 ಕೆಲಸದ ದಿನ, 8 ರಜೆ. ಅಂಕಿ 1ರಿಂದ 5. ಆಕೆ ಒಂದು ದಿನವೂ ತಪ್ಪಿಸಿಲ್ಲ. ನಿದ್ದೆ ಏಳು ಗಂಟೆ ದಾಟಿತೇ, ವಾಕಿಂಗ್ ಹೋದರೇ, ರಾತ್ರಿ ಎಂಟರ ನಂತರ ಅಮೆರಿಕದ ತಂಡದ ಜೊತೆ ಕಾಲ್ ಇತ್ತೇ ಎಂಬ ಮೂರು ಗುರುತುಗಳನ್ನೂ ಹಾಕಿದ್ದಾರೆ.

ತಿಂಗಳ ಕೊನೆಗೆ ಆ್ಯಪ್ ಹೇಳುತ್ತದೆ: ಏಳು ಗಂಟೆ ನಿದ್ದೆ ಮಾಡಿದ 15 ದಿನಗಳ ಸರಾಸರಿ 3.5. ನಿದ್ದೆಗೆಟ್ಟ 15 ದಿನಗಳ ಸರಾಸರಿ 3.1. ವಾಕಿಂಗ್ ಹೋದ 10 ದಿನಗಳದ್ದು 3.8, ಹೋಗದ 20 ದಿನಗಳದ್ದು ಹೆಚ್ಚುಕಡಿಮೆ 3. ಓದಿದವರು ಯಾರೇ ಆದರೂ ಬರುವ ತೀರ್ಮಾನ ಒಂದೇ: ನಿದ್ದೆ ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ನಡೆಯಬೇಕು.

ಈ ತೀರ್ಮಾನಕ್ಕೆ ಬರುವ ಮುಂಚೆ ರಜೆಯ ದಿನಗಳನ್ನು ಪಕ್ಕಕ್ಕಿಡಬೇಕು. ಆ 8 ರಜೆಗಳಲ್ಲಿ 7 ದಿನ ಆಕೆಗೆ ಚೆನ್ನಾಗಿ ನಿದ್ದೆಯಾಗಿದೆ, 6 ದಿನ ವಾಕಿಂಗ್ ಆಗಿದೆ, ಸರಾಸರಿ ಅಂಕಿ 4. ಅಂದರೆ ನಿದ್ದೆಯ ಗುಂಪಿನ ಅರ್ಧದಷ್ಟು ಮತ್ತು ವಾಕಿಂಗ್ ಗುಂಪಿನ ಅರ್ಧಕ್ಕಿಂತ ಹೆಚ್ಚು ದಿನಗಳು ರಜೆಯವೇ. ರಜೆಯ ನೆಮ್ಮದಿ ನಿದ್ದೆಯ ಖಾತೆಗೂ ವಾಕಿಂಗ್ ಖಾತೆಗೂ ಜಮೆಯಾಗಿದೆ. ಕೆಲಸದ ದಿನಗಳನ್ನಷ್ಟೇ ಹೋಲಿಸಿದರೆ ಚಿತ್ರ ಬದಲಾಗುತ್ತದೆ. ಚೆನ್ನಾಗಿ ನಿದ್ದೆಯಾದ 8 ಕೆಲಸದ ದಿನಗಳ ಸರಾಸರಿ 3.1, ನಿದ್ದೆಗೆಟ್ಟ 14 ದಿನಗಳದ್ದು 3. ಅಂತರ ಇಲ್ಲವೆನ್ನುವಷ್ಟು ಕಡಿಮೆ.

ವಾಕಿಂಗ್ ಇನ್ನೂ ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತದೆ. ಕೆಲಸದ ದಿನಗಳಲ್ಲಿ ಆಕೆ ವಾಕಿಂಗ್ ಹೋದದ್ದು 4 ಸಲ, ಸರಾಸರಿ 3.5. ಹೋಗದ 18 ದಿನಗಳದ್ದು 2.9. ಇಲ್ಲಿಗೆ ನಿಲ್ಲಿಸಿದರೆ ನಡಿಗೆಯೇ ಗೆದ್ದಂತೆ. ಆದರೆ ಮೂರನೆಯ ಗುರುತನ್ನು ತಂದು ಪಕ್ಕದಲ್ಲಿಡಬೇಕು. ಮೊದಲ ಮೂರು ವಾರ ಮಂಗಳವಾರ, ಗುರುವಾರ ರಾತ್ರಿ ಕಾಲ್ ಇತ್ತು. ಒಟ್ಟು 6 ದಿನ, ಸರಾಸರಿ 2.2. ಆ ಸಂಜೆಗಳಲ್ಲಿ ವಾಕಿಂಗ್‌ಗೆ ಬಿಡುವೇ ಇರಲಿಲ್ಲ. ಅಂದರೆ ಆ ಆರೂ ಕೆಟ್ಟ ದಿನಗಳು 'ವಾಕಿಂಗ್ ಹೋಗದ ದಿನ'ಗಳ ಪಟ್ಟಿಗೆ ಸೇರಿ ಅದರ ಸರಾಸರಿಯನ್ನು ಕೆಳಗೆಳೆದಿವೆ. ಕಾಲ್ ಇಲ್ಲದ 16 ಕೆಲಸದ ದಿನಗಳನ್ನಷ್ಟೇ ನೋಡಿದರೆ, ನಡೆದ 4 ದಿನಗಳ ಸರಾಸರಿ 3.5, ನಡೆಯದ 12 ದಿನಗಳದ್ದು 3.3. ಆ್ಯಪ್ ತೋರಿಸಿದ ಮುಕ್ಕಾಲು ಅಂಕದ ಲಾಭದಲ್ಲಿ ಉಳಿದದ್ದು ಇಷ್ಟೇ.

ಹಾಗಾದರೆ ಈ ತಿಂಗಳಲ್ಲಿ ಎದ್ದು ಕಾಣುವುದು ಕಾಲ್. ಅದಿದ್ದ ದಿನ 2.2, ಇಲ್ಲದ ಕೆಲಸದ ದಿನ 3.4. ಒಂದಕ್ಕಿಂತ ಹೆಚ್ಚು ಅಂಕದ ಅಂತರ. ಅದರ ಇನ್ನೊಂದು ಪರಿಣಾಮ ಆ್ಯಪಿನ ಸಾರಾಂಶದಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಅದು ಮರುದಿನದ ಸಾಲಿನಲ್ಲಿ ಕೂತಿದೆ. ನಿದ್ದೆಯನ್ನು ಸಾಮಾನ್ಯವಾಗಿ ಎದ್ದ ದಿನದ ಲೆಕ್ಕಕ್ಕೆ ಬರೆಯಲಾಗುತ್ತದೆ. ಮಂಗಳವಾರ ರಾತ್ರಿಯ ನಿದ್ದೆ ಬುಧವಾರದ ಸಾಲಿಗೆ ಹೋಗುತ್ತದೆ. ಮಂಗಳವಾರದ ಕಾಲನ್ನು ಮಂಗಳವಾರದ ನಿದ್ದೆಯ ಜೊತೆ ಹೋಲಿಸಿದರೆ ಏನೂ ತಿಳಿಯದು, ಆ ನಿದ್ದೆ ಕಾಲ್‌ಗಿಂತ ಮುಂಚಿನದು. ಒಂದು ದಿನ ಮುಂದೆ ಸರಿಸಿ ನೋಡಿದರೆ, ಕಾಲ್‌ನ ಮರುದಿನಗಳು ಆರಕ್ಕೆ ಆರೂ ನಿದ್ದೆಗೆಟ್ಟ ದಿನಗಳು. ಉಳಿದ 16 ಕೆಲಸದ ದಿನಗಳಲ್ಲಿ ನಿದ್ದೆಗೆಟ್ಟವು ಅರ್ಧ ಮಾತ್ರ. ರಾತ್ರಿ ಕಾಲ್ ಆಕೆಯ ಸಂಜೆಯನ್ನೂ ತೆಗೆದುಕೊಳ್ಳುತ್ತಿದೆ, ರಾತ್ರಿಯನ್ನೂ ತೆಗೆದುಕೊಳ್ಳುತ್ತಿದೆ.

ಈ ಒಂದು ದಿನದ ಸರಿತವನ್ನು ಕೈಯಲ್ಲೇ ಮಾಡಬಹುದು. ಒಂದು ಹಾಳೆಯಲ್ಲಿ ತಾರೀಖಿನ ಪ್ರಕಾರ ಅಂಕಿ, ನಿದ್ದೆ, ಕೆಲಸದ ಗುರುತು ಬರೆದು, ನಿದ್ದೆಯ ಸಾಲನ್ನು ಇನ್ನೊಮ್ಮೆ ಒಂದು ಮನೆ ಹಿಂದಕ್ಕೆ ಬರೆದುಕೊಂಡರೆ ಸಾಕು. ಮೊದಲ ಬಗೆಯ ಸಾಲು 'ನಿನ್ನೆ ರಾತ್ರಿ ನನ್ನ ಇವತ್ತನ್ನು ಏನು ಮಾಡಿತು' ಎಂದು ಹೇಳುತ್ತದೆ, ಎರಡನೆಯದು 'ಇವತ್ತು ನನ್ನ ಈ ರಾತ್ರಿಯನ್ನು ಏನು ಮಾಡಿತು' ಎಂದು. ಇಂಟರ್ನ್‌ಗಳ ಅಧ್ಯಯನದಲ್ಲಿ ಎರಡು ದಿಕ್ಕಿನ ಸಂಬಂಧ ಹೊರಬಿದ್ದದ್ದು ಹೀಗೆ ದಿನಗಳ ಕ್ರಮವನ್ನು ಗಮನಿಸಿ ಓದಿದ್ದರಿಂದ.

ಇನ್ನು ಎಷ್ಟು ಅಂತರವಿದ್ದರೆ ಅಂತರ ಎನ್ನಬೇಕು? ಯಾವ ಕಾರಣವೂ ಇಲ್ಲದೆ ಮನಸ್ಸಿನ ಅಂಕಿ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಐದರ ಅಳತೆಯಲ್ಲಿ ಆ ಏರಿಳಿತ ಸುಮಾರು 0.8 ಎಂದಿಟ್ಟುಕೊಂಡರೆ, 15 ದಿನಗಳನ್ನು ಇನ್ನು 15 ದಿನಗಳ ಜೊತೆ ಹೋಲಿಸುವಾಗ 0.6ರವರೆಗಿನ ಅಂತರ ಬರೀ ಆಕಸ್ಮಿಕವಾಗಿಯೇ ಬರಬಹುದು. ಆಕೆಯ ನಿದ್ದೆಯ ಅಂತರ ಇದರೊಳಗೇ ಇತ್ತು, ರಜೆಯ ತಕರಾರು ತೆಗೆಯುವ ಮುಂಚೆಯೂ ಅದಕ್ಕೆ ಬಲವಿರಲಿಲ್ಲ. 6 ದಿನ ಮತ್ತು 16 ದಿನಗಳ ಹೋಲಿಕೆಯಲ್ಲಿ ಆ ಮಿತಿ 0.8ರ ಹತ್ತಿರ ಬರುತ್ತದೆ. ಕಾಲ್‌ನ 1.2 ಅದನ್ನು ದಾಟಿದೆ. ಲೆಕ್ಕ ಬೇಡವೆನ್ನುವವರಿಗೆ ಸುಲಭದ ದಾರಿಯೊಂದಿದೆ. ತಿಂಗಳನ್ನು ಎರಡು ಹೋಳು ಮಾಡಿ, ಮೊದಲ ಹದಿನೈದು ದಿನದಲ್ಲಿ ಕಂಡದ್ದು ಕೊನೆಯ ಹದಿನೈದರಲ್ಲೂ ಕಾಣುತ್ತದೆಯೇ ಎಂದು ನೋಡುವುದು. ಒಂದರಲ್ಲಿದ್ದು ಇನ್ನೊಂದರಲ್ಲಿ ಮಾಯವಾದರೆ ಅದನ್ನು ಗುಣಲಕ್ಷಣ ಎಂದುಕೊಳ್ಳಬಾರದು. ಗುರುತುಗಳು ಹೆಚ್ಚಿದಷ್ಟೂ ಈ ಎಚ್ಚರ ಹೆಚ್ಚು ಬೇಕು. ಕಾಫಿ, ಮಳೆ, ಸಿನಿಮಾ, ಅತಿಥಿಗಳು ಎಂದು ಇಪ್ಪತ್ತು ಗುರುತು ಹಾಕುವವರಿಗೆ, ಯಾವುದಕ್ಕೂ ಸಂಬಂಧವಿಲ್ಲದಿದ್ದರೂ, ಒಂದಾದರೂ ದೊಡ್ಡ ಅಂತರ ತೋರಿಸುವ ಸಂಭವ ಇದ್ದೇ ಇದೆ. ಮೂರು ನಾಲ್ಕು ಗುರುತು ಸಾಕು.

ಆಕೆಯ ಲೆಕ್ಕದಲ್ಲೂ ಒಂದು ಅನುಮಾನ ಉಳಿಯುತ್ತದೆ. ಕೊನೆಯ ವಾರ ಕಾಲ್ ಇರಲಿಲ್ಲ. ಮೊದಲ ಮೂರು ವಾರ ಯಾವುದೋ ಯೋಜನೆಯ ಗಡುವು ತಲೆಯ ಮೇಲೆ ಕೂತಿದ್ದು, ಅಂಕಿ ಇಳಿದದ್ದು ಅದರಿಂದಲೂ ಇರಬಹುದು. ಅದನ್ನು ಹೀಗೆ ಪರೀಕ್ಷಿಸಬಹುದು: ಆ ಮೂರು ವಾರಗಳೊಳಗಿನ ಸೋಮ, ಬುಧ, ಶುಕ್ರವಾರಗಳ ಅಂಕಿಯೂ ಕಡಿಮೆಯಿದೆಯೇ? ಗಡುವು ಕಾರಣವಾಗಿದ್ದರೆ ಅವೂ ಕುಸಿದಿರಬೇಕು. ಅವು ನಾಲ್ಕನೇ ವಾರದಷ್ಟೇ ಇದ್ದು, ಮಂಗಳ, ಗುರುವಾರ ಮಾತ್ರ ಕೆಳಗಿದ್ದರೆ ಅನುಮಾನ ಮತ್ತೆ ಕಾಲ್ ಕಡೆಗೇ ತಿರುಗುತ್ತದೆ. ಆಗ ಮುಂದಿನ ತಿಂಗಳು ಗುರುವಾರದ ಕಾಲನ್ನು ಸಂಜೆ ಐದೂವರೆಗೋ ಬೆಳಿಗ್ಗೆಗೋ ಸರಿಸಲು ಕಚೇರಿಯಲ್ಲಿ ಕೇಳಿ, ಮಂಗಳವಾರದ್ದನ್ನು ಹಾಗೇ ಬಿಟ್ಟು, ಎರಡನ್ನೂ ಹೋಲಿಸಬಹುದು.

ವಾಕಿಂಗ್ ವಿಷಯದಲ್ಲಿ ತೊಡಕು ಬೇರೆ. ಮನಸ್ಸು ಚೆನ್ನಾಗಿರುವ ದಿನವೇ ಜನ ನಡೆಯಲು ಹೊರಡುತ್ತಾರೆ. ಹಾಗಿದ್ದರೆ ನಡಿಗೆಯಿಂದ ಅಂಕಿ ಏರಿತೋ, ಅಂಕಿ ಏರಿದ್ದರಿಂದ ನಡಿಗೆಯಾಯಿತೋ ಹೇಳುವುದು ಹೇಗೆ? ಇದನ್ನು ಬಿಡಿಸಲು ಸಂಶೋಧಕರು ಬಳಸುವ ಉಪಾಯವನ್ನೇ ಮನೆಯಲ್ಲೂ ಬಳಸಬಹುದು. ನಾಳೆ ನಡೆಯಬೇಕೋ ಬೇಡವೋ ಎಂಬುದನ್ನು ಹಿಂದಿನ ರಾತ್ರಿ ಒಂದು ನಾಣ್ಯ ಚಿಮ್ಮಿ ತೀರ್ಮಾನಿಸುವುದು. ತಲೆ ಬಿದ್ದರೆ ಮನಸ್ಸಿದ್ದರೂ ಇಲ್ಲದಿದ್ದರೂ ಅರ್ಧ ಗಂಟೆ ನಡಿಗೆ, ಬಾಲ ಬಿದ್ದರೆ ಇಲ್ಲ. ಕಾಲ್ ಇಲ್ಲದ ಕೆಲಸದ ದಿನಗಳಲ್ಲಿ ಮಾತ್ರ ಇದನ್ನು ಮಾಡಬೇಕು. ಲೆಕ್ಕ ಹಾಕುವಾಗ ನಿಜವಾಗಿ ನಡೆದ ದಿನಗಳನ್ನು ಎಣಿಸದೆ ನಾಣ್ಯ ಹೇಳಿದ ದಿನಗಳನ್ನು ಎಣಿಸಬೇಕು, ಇಲ್ಲದಿದ್ದರೆ 'ಇವತ್ತು ಬೇಡ' ಎಂದು ಬಿಟ್ಟ ಕೆಟ್ಟ ದಿನಗಳು ಮತ್ತೆ ಹಿಂಬಾಗಿಲಿನಿಂದ ಒಳಗೆ ಬರುತ್ತವೆ. ಒಂದೊಂದು ಗುಂಪಿನಲ್ಲಿ ಹತ್ತು ದಿನ ಸೇರಿದಾಗ 0.7ಕ್ಕಿಂತ ಹೆಚ್ಚಿನ ಅಂತರ ಕಂಡರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು. ಕಾಣದಿದ್ದರೆ ನಡಿಗೆ ನಿಲ್ಲಿಸಬೇಕೆಂದಲ್ಲ. ಹೃದಯಕ್ಕೆ, ಮೊಣಕಾಲಿಗೆ, ರಕ್ತದ ಸಕ್ಕರೆಗೆ ಆಗುವ ಉಪಕಾರ ಸಂಜೆಯ ಅಂಕಿಯಲ್ಲಿ ಕಾಣುವಂಥದಲ್ಲ.

ನಿದ್ದೆಯ ವಿಷಯದಲ್ಲಿ ಹೆಚ್ಚಿನ ಸಾರಾಂಶಗಳು ಗಂಟೆಯನ್ನಷ್ಟೇ ಎಣಿಸುತ್ತವೆ. ಮಿಷಿಗನ್ ತಂಡ 2,115 ಇಂಟರ್ನ್‌ಗಳ ದಾಖಲೆ ಓದಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿದ್ದೆ ಕಡಿಮೆಯಾಗುವುದರ ಜೊತೆಗೆ ನಿದ್ದೆಯ ಹೊತ್ತು ದಿನದಿಂದ ದಿನಕ್ಕೆ ಏರುಪೇರಾಗುವುದಕ್ಕೂ ಮನಸ್ಸು ಕುಗ್ಗುವುದಕ್ಕೂ ಸಂಬಂಧ ಕಂಡಿತು. ಒಂದು ರಾತ್ರಿ ಹತ್ತಕ್ಕೆ, ಇನ್ನೊಂದು ರಾತ್ರಿ ಎರಡಕ್ಕೆ ಮಲಗುವವರ ತಿಂಗಳ ಸರಾಸರಿ ಏಳು ಗಂಟೆ ಬರಬಹುದು, ನೋಡಲು ಚೆನ್ನಾಗಿಯೂ ಇರಬಹುದು. ಆದ್ದರಿಂದ ಎಷ್ಟು ಗಂಟೆ ಮಲಗಿದೆ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಎದ್ದೆ ಎಂಬುದನ್ನು ಬರೆಯುವುದು ಕೆಲವರಿಗೆ ಹೆಚ್ಚು ತಿಳಿಸುತ್ತದೆ.

ಕೆಲಸದ ಗಂಟೆಗಳ ಕುರಿತೂ ಅದೇ ತಂಡ ದೊಡ್ಡ ಲೆಕ್ಕವನ್ನು ಮುಂದಿಟ್ಟಿದೆ. 17,082 ಇಂಟರ್ನ್‌ಗಳ ಮಾಹಿತಿಯನ್ನು ಪರಿಶೀಲಿಸಿದಾಗ, ವಾರಕ್ಕೆ 40ರಿಂದ 45 ಗಂಟೆ ದುಡಿದವರ ಖಿನ್ನತೆಯ ಅಂಕ ಸುಮಾರು 1.8ರಷ್ಟು ಏರಿದ್ದರೆ, 90 ಗಂಟೆ ಮೀರಿದವರದ್ದು ಸುಮಾರು 5.2ರಷ್ಟು ಏರಿತ್ತು. ಇಲ್ಲಿ ಬಳಸಿದ್ದು ಒಂದು ಒತ್ತಿನ ಅಂಕಿಯನ್ನಲ್ಲ, ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು. ಈ ಲೆಕ್ಕವನ್ನು ಓದುವಾಗ ಒಂದು ಮಾತು ಹೇಳಲೇಬೇಕು. ಮನಸ್ಥಿತಿಯ ಆ್ಯಪ್‌ಗಳು ಬಳಕೆದಾರರಿಗೆ ಹೇಳುವುದು ಬಹುತೇಕ ಅವರು ತಾವೇ ಬದಲಾಯಿಸಿಕೊಳ್ಳಬಹುದಾದ ಸಂಗತಿಗಳನ್ನು: ಬೇಗ ಮಲಗಿ, ನಡೆಯಿರಿ, ನೀರು ಕುಡಿಯಿರಿ. ಕೆಲಸದ ಹೊತ್ತು ಅವರ ಕೈಯಲ್ಲಿಲ್ಲ. ಆದ್ದರಿಂದ ಅದು ಸಾರಾಂಶದ ಮೂಲೆಗೆ ಸರಿಯುತ್ತದೆ, ತಪ್ಪು ದುಡಿಯುವವರ ನಿದ್ದೆಯ ಮೇಲೆ ಬೀಳುತ್ತದೆ. ಮೇಲಿನ ಉದಾಹರಣೆಯಲ್ಲಿ ಆಗಿದ್ದೂ ಅದೇ.

ದಿನವೂ ಮನಸ್ಸನ್ನು ಅಳೆಯುವುದು ಎಲ್ಲರಿಗೂ ಹಿತವೇ? ಇಂಟರ್ನ್‌ಗಳ ಮೇಲೆ 2018ರಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ಅವರದೇ ದಾಖಲೆಯ ಆಧಾರದ ಮೇಲೆ ಫೋನಿಗೆ ಸಣ್ಣ ಸಂದೇಶಗಳನ್ನು ಕಳಿಸಲಾಯಿತು. ಯಾವ ವಾರ ಯಾರಿಗೆ ಯಾವ ಬಗೆಯ ಸಂದೇಶ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ತೀರ್ಮಾನಿಸಲಾಗಿತ್ತು. ಹಿಂದಿನ ವಾರ ಮನಸ್ಸು ಕುಗ್ಗಿದ್ದವರಿಗೆ ಸಂದೇಶಗಳಿಂದ ಸ್ವಲ್ಪ ಅನುಕೂಲವಾಯಿತು. ಆಗಲೇ ಚೆನ್ನಾಗಿದ್ದವರ ಅಂಕಿಯನ್ನು ಅವು ತುಸು ಇಳಿಸಿದವು. ನೆಮ್ಮದಿಯಾಗಿರುವವರನ್ನು ಪದೇ ಪದೇ ತಟ್ಟಿ ವಿಚಾರಿಸುವುದರಿಂದ ಒಳಿತಾಗದು ಎಂದು ಇದರಿಂದ ತಿಳಿಯಬಹುದು. ಸಂಜೆಯ ಒಂದು ಒತ್ತಿಗೆ ಬೇಕಾದ ಜ್ಞಾಪನೆಯೊಂದನ್ನು ಬಿಟ್ಟು ಉಳಿದ ಸೂಚನೆಗಳನ್ನು ಆರಿಸಿಡುವುದು ಒಳ್ಳೆಯದು. ಎರಡು ಮೂರು ತಿಂಗಳಲ್ಲಿ ಬೇಕಾದ್ದು ತಿಳಿದ ಮೇಲೆ ಬರೆಯುವುದನ್ನೇ ನಿಲ್ಲಿಸಬಹುದು.

ಬರೆದದ್ದು ಎಲ್ಲಿ ಹೋಗುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಆನ್‌ಲೈನ್ ಆಪ್ತಸಲಹೆ ನೀಡುವ 'ಬೆಟರ್‌ಹೆಲ್ಪ್' ಮೇಲೆ 2023ರಲ್ಲಿ ಕ್ರಮ ಕೈಗೊಂಡಿತು. ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮೊದಲಾದ ಕಂಪನಿಗಳಿಗೆ ಕೊಟ್ಟದ್ದು ಅದರ ಮೇಲಿದ್ದ ಆರೋಪ. ಕಂಪನಿ 78 ಲಕ್ಷ ಡಾಲರ್ ಕಟ್ಟಬೇಕಾಯಿತು. ಅಂಕಿಗಳು ಫೋನಿನೊಳಗೇ ಉಳಿಯುವಂಥ ಆ್ಯಪ್ ಆರಿಸಬಹುದು. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಪೆನ್ನಿನಿಂದ ಬರೆದ ಅಂಕಿಯೂ ಇಷ್ಟೇ ಕೆಲಸ ಮಾಡುತ್ತದೆ. ಕಚೇರಿಯವರೇ ಕೊಡುವ ಆ್ಯಪ್ ಆದರೆ, ಕೆಲಸದ ಗುರುತನ್ನು ಅದರಲ್ಲಿ ಹಾಕುವ ಮುಂಚೆ ಸಾರಾಂಶವನ್ನು ಯಾರು ನೋಡುತ್ತಾರೆ ಎಂದು ಕೇಳಿ ತಿಳಿಯಬೇಕು.

ಕೆಲವು ತಿಂಗಳ ಪುಟಗಳನ್ನು ಮನೆಯಲ್ಲಿ ಕೂತು ಓದುತ್ತಿರಬಾರದು. ಅಂಕಿ ಎರಡು ವಾರಗಳಷ್ಟು ಕಾಲ ಹೆಚ್ಚುಕಡಿಮೆ ದಿನವೂ 1 ಅಥವಾ 2ರಲ್ಲೇ ನಿಂತಿದ್ದು, ರಜೆಯಲ್ಲೂ ಏರದಿದ್ದರೆ ಅದನ್ನು ನಿದ್ದೆ, ವಾಕಿಂಗ್‌ಗಳ ಲೆಕ್ಕದಿಂದ ಬಿಡಿಸಲು ಹೋಗಬಾರದು. ಪಿಎಚ್‌ಕ್ಯು-9 ಕೇಳುವುದೂ ಕಳೆದ ಎರಡು ವಾರಗಳ ಬಗ್ಗೆಯೇ. ಇಲ್ಲಿ ಸಂಜೆಯ ಅಂಕಿಗೆ ಒಂದು ಕುರುಡು ಜಾಗವೂ ಇದೆ. ಒಂದು ಬಗೆಯ ತೀವ್ರ ಖಿನ್ನತೆಯಲ್ಲಿ ಬೆಳಗಿನ ಹೊತ್ತು ತೀರಾ ಭಾರವಾಗಿದ್ದು ಸಂಜೆಗೆ ಸ್ವಲ್ಪ ಹಗುರವಾಗುತ್ತದೆ. ಸಂಜೆ ಮಾತ್ರ ಒತ್ತುವವರ ಪುಟದಲ್ಲಿ ಅದು ಸಾಧಾರಣ ದಿನದಂತೆ ಕಾಣಬಹುದು. ಬೆಳಿಗ್ಗೆ ಏಳುವುದೇ ಕಷ್ಟವೆನಿಸುವವರು ಒಂದು ವಾರ ಬೆಳಗಿನ ಅಂಕಿಯನ್ನೂ ಬರೆದು ನೋಡಬೇಕು.

ಇದಕ್ಕೆ ವಿರುದ್ಧವಾದ ಪುಟವೂ ಇರುತ್ತದೆ, ಅದನ್ನು ಗುರುತಿಸುವುದು ಇನ್ನೂ ಕಷ್ಟ. ನಿದ್ದೆ ಮೂರು ನಾಲ್ಕು ಗಂಟೆಗೆ ಇಳಿದಿದೆ, ದಣಿವೇ ಇಲ್ಲ, ಅಂಕಿ ದಿನವೂ 5. ಸಾರಾಂಶ ಇದನ್ನು ಒಳ್ಳೆಯ ವಾರ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಬೈಪೋಲಾರ್ ಕಾಯಿಲೆಯಲ್ಲಿ ಉನ್ಮಾದದ ಹಂತ ಶುರುವಾಗುವಾಗ ಕಾಣುವ ಲಕ್ಷಣಗಳಲ್ಲಿ ಇದೊಂದು. ಮನೋವೈದ್ಯರು ಈ ಕಾಯಿಲೆಯಿರುವವರಿಂದ ದಿನದ ಮನಸ್ಥಿತಿ ಮತ್ತು ನಿದ್ದೆಯ ಗಂಟೆಗಳನ್ನು ಒಂದೇ ಹಾಳೆಯ ಮೇಲೆ ಬರೆಸುವ ಪದ್ಧತಿ ಆ್ಯಪ್‌ಗಳಿಗಿಂತ ಎಷ್ಟೋ ಹಳೆಯದು, ಎರಡು ಗೆರೆಗಳು ಹೀಗೆ ಬೇರೆ ಬೇರೆ ದಿಕ್ಕಿಗೆ ಹೊರಟದ್ದು ಅಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ.

ವೈದ್ಯರ ಬಳಿ ಹೋಗುವಾಗ ಆ್ಯಪಿನ ಬಣ್ಣದ ಸಾರಾಂಶಕ್ಕಿಂತ ದಿನದಿನದ ಸಾಲನ್ನು ಒಯ್ಯುವುದು ಹೆಚ್ಚು ಉಪಯುಕ್ತ: ತಾರೀಖು, ಅಂಕಿ, ಮಲಗಿದ ಮತ್ತು ಎದ್ದ ಹೊತ್ತು, ಖಾಲಿ ಬಿಟ್ಟ ದಿನಗಳು, ಔಷಧಿ ಶುರುವಾದ ಅಥವಾ ಬದಲಾದ ದಿನ. ಹತ್ತು ನಿಮಿಷದ ಭೇಟಿಯಲ್ಲಿ 'ಹೇಗಿದ್ದೀರಿ' ಎಂಬ ಪ್ರಶ್ನೆಗೆ ಆ ಬೆಳಗಿನ ಮನಸ್ಸು ಉತ್ತರಿಸುತ್ತದೆ, ಹಾಳೆಯಲ್ಲಿ ಇಡೀ ತಿಂಗಳು ಇರುತ್ತದೆ. ತಕ್ಷಣ ಮಾತಾಡಬೇಕೆನಿಸಿದರೆ 'ಟೆಲಿ ಮನಸ್' ಸಹಾಯವಾಣಿಯ ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.